ಕಾಂಟ್ರಾಕ್ಟ್ ನಂಬರ್ ಇದೆಯಾ? ಪಿಎಫ್ ನಂಬರ್ ಇದೆಯಾ?

ನನ್ನ ಅಕ್ಕನ ಮಗ ತುಮಕೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ. ಒಂದೇ ವಾರದಲ್ಲಿ ಪೀಣ್ಯದ ಎರಡು ಕಾರ್ಖಾನೆಗಳಿಂದ ಕರೆ ಬಂತು. ಒಂದು ಪತ್ರದಲ್ಲಿ 'ಟ್ರೈನಿ' ಎಂದು ಬರೆದಿತ್ತು, ತಿಂಗಳಿಗೆ 12,000 ರೂಪಾಯಿ. ಇನ್ನೊಂದರಲ್ಲಿ 'ಅಪ್ರೆಂಟಿಸ್' ಎಂದಿತ್ತು, 8,000 ರೂಪಾಯಿ. "ಮಾಮಾ, ಎರಡೂ ಕಡೆ ಒಂದೇ ಥರ ಕೆಲಸ. ಅಲ್ಲಿ ನಾಲ್ಕು ಸಾವಿರ ಜಾಸ್ತಿ ಕೊಡ್ತಾರೆ. ಇದ್ರಲ್ಲಿ ಯೋಚನೆ ಮಾಡೋಕೆ ಏನಿದೆ?" ಎಂದು ಫೋನ್ ಮಾಡಿದ.

ಯೋಚನೆ ಮಾಡುವುದಕ್ಕೆ ತುಂಬಾ ಇದೆ. ಎರಡೂ ಪತ್ರಗಳ ಕೊನೆಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲು ಇತ್ತು: 'ಇದು ಕಂಪನಿಯ ನೌಕರಿ ಅಲ್ಲ, ಮುಂದೆ ಕೆಲಸ ಕೊಡುವ ಭರವಸೆಯೂ ಅಲ್ಲ.' ಸಾಲು ಒಂದೇ ಆದರೂ ಅದರ ಅರ್ಥ ಎರಡೂ ಕಡೆ ಬೇರೆ. ಒಂದು ಕಡೆ ನೌಕರ ಅಲ್ಲದಿದ್ದರೂ ಅವನ ಹಿಂದೆ ಒಂದು ಕಾನೂನು ನಿಂತಿರುತ್ತದೆ. ಇನ್ನೊಂದು ಕಡೆ ಏನೂ ಇಲ್ಲದೆಯೂ ಇರಬಹುದು.

ಆ ಕಾನೂನು 1961ರ ಅಪ್ರೆಂಟಿಸ್ ಕಾಯ್ದೆ. ಅದರ 18ನೇ ಕಲಂ ನೇರವಾಗಿ ಹೇಳುತ್ತದೆ: ಅಪ್ರೆಂಟಿಸ್ ಕಲಿಯುವವನು, ಕೆಲಸಗಾರ ಅಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಬೋನಸ್ ಇಲ್ಲ, ಗ್ರ್ಯಾಚುಟಿ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ಕೂಡ ಈ ಕಾಯ್ದೆಯಡಿ ಸೇರಿದವರನ್ನು 'ನೌಕರ' ಎಂಬ ಮಾತಿನಿಂದ ಹೊರಗೇ ಇಟ್ಟಿವೆ. ಹೆಚ್ಚಿನವರು ಇಷ್ಟನ್ನು ಓದಿ, ಅಪ್ರೆಂಟಿಸ್‌ಗೆ ಯಾವ ಹಕ್ಕೂ ಇಲ್ಲ ಅಂದುಕೊಳ್ಳುತ್ತಾರೆ. ಆದರೆ ಅದೇ ಕಾಯ್ದೆ ಬೇರೆ ಕಲಂಗಳಲ್ಲಿ ಕೆಲವನ್ನು ವಾಪಸ್ ಕೊಟ್ಟಿದೆ. ಸ್ಟೈಪೆಂಡ್, ಅಪಘಾತದ ಪರಿಹಾರ, ಪ್ರಮಾಣಪತ್ರ ಮತ್ತು ಜಗಳ ಬಂದರೆ ಹೋಗಲು ಒಂದು ಜಾಗ. ಇವೆಲ್ಲ ಸಿಗಬೇಕಾದರೆ ಒಂದು ಕಾಗದ ಇರಬೇಕು. ಅದೇ ಅಪ್ರೆಂಟಿಸ್‌ಶಿಪ್ ಕಾಂಟ್ರಾಕ್ಟ್.

ಕಂಪನಿ ಕೊಡುವ ಆಫರ್ ಲೆಟರ್ ಆ ಕಾಂಟ್ರಾಕ್ಟ್ ಅಲ್ಲ. ಕಾಂಟ್ರಾಕ್ಟ್ ಸರ್ಕಾರದ ಪೋರ್ಟಲ್‌ನಲ್ಲಿ ತಯಾರಾಗುತ್ತದೆ. ಐಟಿಐ ಓದಿದವರಿಗೆ ಸಾಮಾನ್ಯವಾಗಿ apprenticeshipindia.gov.in, ಡಿಪ್ಲೊಮಾ ಮತ್ತು ಡಿಗ್ರಿ ಓದಿದವರಿಗೆ ಹೆಚ್ಚಾಗಿ ಎನ್‌ಎಟಿಎಸ್ ಯೋಜನೆಯ nats.education.gov.in. ಕಂಪನಿ ಅಲ್ಲಿ ಕಾಂಟ್ರಾಕ್ಟ್ ಹಾಕುತ್ತದೆ. ಅಭ್ಯರ್ಥಿ ತನ್ನ ಲಾಗಿನ್‌ನಿಂದ ಒಪ್ಪಿಕೊಳ್ಳುತ್ತಾನೆ. ಈ ಕಾಯ್ದೆಯನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿ, ಅಂದರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್ ಕಚೇರಿ, ಅದನ್ನು ನೋಂದಾಯಿಸುತ್ತದೆ. ಹುಡುಗನಿಗೆ ಇನ್ನೂ 18 ತುಂಬಿಲ್ಲದಿದ್ದರೆ ತಂದೆ ತಾಯಿ ಅಥವಾ ಪೋಷಕರು ಸಹಿ ಹಾಕಬೇಕು. ಕೊನೆಗೆ ಒಂದು ನೋಂದಣಿ ನಂಬರ್ ಬರುತ್ತದೆ. ಅಕ್ಕನ ಮಗನಿಗೆ ನಾನು ಮೊದಲು ಹೇಳಿದ್ದು ಇಷ್ಟೇ: "ಎರಡು ಕಡೆಗೂ ಫೋನ್ ಮಾಡಿ, ಯಾವ ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಮಾಡ್ತೀರ ಅಂತ ಕೇಳು."

8,000 ರೂಪಾಯಿ ಹೇಳಿದವರು ಕೂಡಲೇ ಎನ್‌ಎಟಿಎಸ್ ಎಂದರು. 12,000 ರೂಪಾಯಿಯವರು, "ನಮ್ಮದು ಕಂಪನಿ ಟ್ರೈನಿಂಗ್, ಪೋರ್ಟಲ್ ಗೀರ್ಟಲ್ ಇಲ್ಲ" ಎಂದರು.

ಆಮೇಲೆ ಅವರಿಗೆ ಎರಡನೇ ಪ್ರಶ್ನೆ ಕೇಳಿಸಿದೆ: "ಪಿಎಫ್, ಇಎಸ್‌ಐ ಕಟ್ ಆಗುತ್ತಾ?" ಆಗುತ್ತೆ ಎಂದಿದ್ದರೆ ನಾನೇ ಅವನನ್ನು ಅಲ್ಲಿಗೆ ಕಳಿಸುತ್ತಿದ್ದೆ. ಯಾಕೆಂದರೆ ಹೆಸರು ಟ್ರೈನಿ ಆಗಿದ್ದರೂ ಪಿಎಫ್ ನಂಬರ್ ಕೊಟ್ಟ ಮೇಲೆ ಕಂಪನಿ ಅವನನ್ನು ನೌಕರ ಎಂದು ಒಪ್ಪಿಕೊಂಡ ಹಾಗೆ. ಇಎಸ್‌ಐ ಇದ್ದರೆ ಕೆಲಸದಲ್ಲಿ ಗಾಯವಾದಾಗ ಚಿಕಿತ್ಸೆಯೂ ಸಿಗುತ್ತದೆ, ನಗದು ನೆರವೂ ಸಿಗುತ್ತದೆ. ಅವರು, "ಟ್ರೈನಿಗಳಿಗೆ ಅದೆಲ್ಲ ಇರಲ್ಲ" ಎಂದರು. ಅಂದರೆ ಕಾಂಟ್ರಾಕ್ಟ್ ನಂಬರೂ ಇಲ್ಲ, ಪಿಎಫ್ ನಂಬರೂ ಇಲ್ಲ. ಈ ಎರಡರಲ್ಲಿ ಒಂದೂ ಇಲ್ಲದ ಕಡೆ ದಯವಿಟ್ಟು ಯಾರೂ ಮೆಷಿನ್ ಮುಂದೆ ನಿಲ್ಲಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಸ್ಟೈಪೆಂಡ್ ಯಾರು ಕೊಡುತ್ತಾರೆ, ಎಲ್ಲಿ ನಿಂತುಹೋಗುತ್ತದೆ

ಅಪ್ರೆಂಟಿಸ್ ಸ್ಟೈಪೆಂಡ್ ಕಂಪನಿ ಮನಸ್ಸಿಗೆ ಬಂದ ಹಾಗೆ ಕೊಡುವ ದುಡ್ಡಲ್ಲ. ಕನಿಷ್ಠ ಎಷ್ಟು ಎಂದು ನಿಯಮವೇ ಹೇಳುತ್ತದೆ. 2019ರಲ್ಲಿ ತಿದ್ದಿದ ನಿಯಮದ ಪ್ರಕಾರ ಐದರಿಂದ ಒಂಬತ್ತನೇ ತರಗತಿವರೆಗೆ ಓದಿದವರಿಗೆ ತಿಂಗಳಿಗೆ 5,000, ಹತ್ತನೇ ತರಗತಿ ಆದವರಿಗೆ 6,000, ಪಿಯುಸಿ ಅಥವಾ ಐಟಿಐ ಆದವರಿಗೆ 7,000, ಡಿಪ್ಲೊಮಾಗೆ 8,000, ಡಿಗ್ರಿಗೆ 9,000 ರೂಪಾಯಿ. ತರಬೇತಿ ಎರಡನೇ ವರ್ಷಕ್ಕೆ ಹೋದರೆ ಇದರ ಮೇಲೆ ಶೇ 10 ಜಾಸ್ತಿ, ಮೂರನೇ ವರ್ಷಕ್ಕೆ ಶೇ 15 ಜಾಸ್ತಿ. ಇದು ಕನಿಷ್ಠ ಮಾತ್ರ, ಕಂಪನಿ ಇದಕ್ಕಿಂತ ಹೆಚ್ಚು ಕೊಡಬಹುದು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಈ ದರಗಳನ್ನು ಶೇ 36ರಷ್ಟು ಏರಿಸಲು ಶಿಫಾರಸು ಮಾಡಿದೆ. ಆದ್ದರಿಂದ ನೀವು ಸೇರುವ ದಿನ ಪೋರ್ಟಲ್‌ನಲ್ಲಿ ಯಾವ ದರ ಇದೆಯೋ ಅದನ್ನೇ ನೋಡಿಕೊಳ್ಳಿ.

ಗೊಂದಲ ಆಗುವುದು ಈ ದುಡ್ಡು ಎರಡು ಕಡೆಯಿಂದ ಬರುವುದರಿಂದ. ಎನ್‌ಎಟಿಎಸ್‌ನಲ್ಲಿ ಕನಿಷ್ಠ ಸ್ಟೈಪೆಂಡ್‌ನ ಅರ್ಧ ಕೇಂದ್ರ ಸರ್ಕಾರದ್ದು. ಡಿಪ್ಲೊಮಾದವನ 8,000ದಲ್ಲಿ 4,000 ಕಂಪನಿಯದು, 4,000 ಸರ್ಕಾರದ್ದು. ಸರ್ಕಾರದ ಪಾಲು ನೇರವಾಗಿ ಹುಡುಗನ ಖಾತೆಗೆ ಬೀಳುತ್ತದೆ. ಐಟಿಐ ಕಡೆಯ ಎನ್‌ಎಪಿಎಸ್ ಯೋಜನೆಯಲ್ಲಿ ಸರ್ಕಾರದ ಪಾಲು ಶೇ 25, ಅದೂ ತಿಂಗಳಿಗೆ 1,500 ರೂಪಾಯಿ ಮೀರುವುದಿಲ್ಲ.

ಸರ್ಕಾರದ ಪಾಲು ಹೋಗುವುದು ಆಧಾರ್‌ಗೆ ಜೋಡಿಸಿದ ಖಾತೆಗೆ. ನಮ್ಮ ಹುಡುಗ ಇಲ್ಲೇ ಎಡವಿದ. ಮೊದಲ ತಿಂಗಳು ಕಂಪನಿಯ 4,000 ಬಂತು, ಸರ್ಕಾರದ್ದು ಬರಲಿಲ್ಲ. ಎಚ್‌ಆರ್ ಅವರನ್ನು ಕೇಳಿದರೆ, "ನಮ್ಮ ಕಡೆಯಿಂದ ಹೋಗಿದೆ" ಎಂದರು. ಕೊನೆಗೆ ನೋಡಿದರೆ, ಬೆಂಗಳೂರಿನಲ್ಲಿ ತೆಗೆದ ಹೊಸ ಖಾತೆಯನ್ನು ಅವನು ಕಂಪನಿಗೆ ಕೊಟ್ಟಿದ್ದ. ಆಧಾರ್ ಮಾತ್ರ ಸ್ಕಾಲರ್‌ಶಿಪ್‌ಗೆಂದು ಊರಿನಲ್ಲಿ ತೆಗೆದಿದ್ದ ಹಳೆಯ ಖಾತೆಗೆ ಜೋಡಣೆಯಾಗಿತ್ತು. ವರ್ಷಗಟ್ಟಲೆ ವಹಿವಾಟು ಇಲ್ಲದೆ ಆ ಖಾತೆ ನಿಷ್ಕ್ರಿಯವಾಗಿತ್ತು. ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯನ್ನು ಹೊಸ ಖಾತೆಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಇನ್ನೊಂದು ಕಡೆಯೂ ದುಡ್ಡು ನಿಲ್ಲುತ್ತದೆ. ಕಂಪನಿ ಪೋರ್ಟಲ್‌ನಲ್ಲಿ ಪ್ರತಿ ತಿಂಗಳ ವಿವರ ಹಾಕದಿದ್ದರೆ ಸರ್ಕಾರದ ಪಾಲು ಹೊರಡುವುದೇ ಇಲ್ಲ. ಹೀಗಾಗಿ ಬರೀ ಪಾಸ್‌ಬುಕ್ ನೋಡಿ ಕಾಯುವುದಕ್ಕಿಂತ ನಿಮ್ಮ ಪೋರ್ಟಲ್ ಲಾಗಿನ್ ತೆರೆದು ನೋಡಿ.

ಸ್ಟೈಪೆಂಡ್ ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು ಎಂದು ನಿಯಮ ಹೇಳುತ್ತದೆ. ಇನ್ನೊಂದು ಮುಖ್ಯ ಮಾತಿದೆ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವ ಹಾಗಿಲ್ಲ. 'ದಿನಕ್ಕೆ ಇಷ್ಟು ಪೀಸ್ ತೆಗೆದರೆ ಇಷ್ಟು' ಎಂದು ಟಾರ್ಗೆಟ್ ಇಟ್ಟರೆ ಅದು ಕಾಯ್ದೆಯ ಉಲ್ಲಂಘನೆ. ಅಡ್ವೈಸರ್ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವುದು, ತರಬೇತಿಗೆ ಸಂಬಂಧ ಇಲ್ಲದ ಕೆಲಸಕ್ಕೆ ಹಚ್ಚುವುದು ಕೂಡ ಹಾಗೆಯೇ. ಫಿಟ್ಟರ್ ಕೆಲಸ ಕಲಿಯಲು ಬಂದವನನ್ನು ಆರು ತಿಂಗಳು ಪ್ಯಾಕಿಂಗ್‌ನಲ್ಲಿ ನಿಲ್ಲಿಸಿದರೆ ಅದು ತರಬೇತಿ ಅಲ್ಲ. ಮೊದಲು ಕಾಯ್ದೆ ಮುರಿದ ಮಾಲೀಕರಿಗೆ ಜೈಲು ಶಿಕ್ಷೆಯೂ ಇತ್ತು. 2014ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಜೈಲಿನ ಭಯ ಹೋದ ಮೇಲೆ ಹುಡುಗರೇ ಇನ್ನಷ್ಟು ಎಚ್ಚರವಾಗಿರಬೇಕು ಎಂಬುದು ನನ್ನ ಅನಿಸಿಕೆ.

ಒಂದು ಬೆರಳಿನ ಲೆಕ್ಕ

ಪೀಣ್ಯದ ಹಾದಿಯಲ್ಲಿ ಬೆರಳು ಕಳೆದುಕೊಂಡವರನ್ನು ನೋಡಿದವರಿಗೆ ಪವರ್ ಪ್ರೆಸ್ ಅಂದರೆ ಏನು ಅಂತ ಗೊತ್ತು. ಎರಡೂ ಕೈ ಬಟನ್ ಮೇಲೆ ಇದ್ದರೆ ಮಾತ್ರ ಪ್ರೆಸ್ ಇಳಿಯಬೇಕು. ಕೆಲಸ ಬೇಗ ಆಗಲಿ ಎಂದು ಒಂದು ಬಟನ್ನನ್ನು ಕಟ್ಟಿಹಾಕಿರುತ್ತಾರೆ, ಇಲ್ಲವೇ ಗಾರ್ಡ್ ಬಿಚ್ಚಿಟ್ಟಿರುತ್ತಾರೆ. ಹೊಸ ಹುಡುಗನಿಗೆ ಅದು ತಪ್ಪು ಅಂತಲೂ ಗೊತ್ತಿರುವುದಿಲ್ಲ.

ಅಪ್ರೆಂಟಿಸ್ ಕಾಯ್ದೆಯ 14ನೇ ಕಲಂ ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದೆ. ಕಾರ್ಖಾನೆಯ ಕೆಲಸಗಾರನಿಗೆ ಇರುವ ಆರೋಗ್ಯ, ಸುರಕ್ಷತೆ ಮತ್ತು ಸೌಕರ್ಯದ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆ. ಗಾರ್ಡ್, ಗ್ಲೌಸ್, ಕುಡಿಯುವ ನೀರು, ಶೌಚಾಲಯದ ವಿಷಯದಲ್ಲಿ 'ನೀನು ಬರೀ ಅಪ್ರೆಂಟಿಸ್' ಎನ್ನುವ ಹಾಗಿಲ್ಲ. 16ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ತರಬೇತಿಯ ವೇಳೆಯಲ್ಲಿ ಅದೇ ಕಾರಣದಿಂದ ಗಾಯವಾದರೆ ಪರಿಹಾರ ಕೊಡುವುದು ಮಾಲೀಕನ ಹೊಣೆ. ಲೆಕ್ಕ ಹಾಕುವುದು ಕಾರ್ಮಿಕರ ಪರಿಹಾರ ಕಾನೂನಿನ ರೀತಿಯಲ್ಲೇ. ಸಂಬಳದ ಜಾಗದಲ್ಲಿ ಸ್ಟೈಪೆಂಡ್ ಇಟ್ಟುಕೊಳ್ಳುತ್ತಾರೆ, ಅಷ್ಟೇ.

20 ವರ್ಷದ ಡಿಪ್ಲೊಮಾ ಅಪ್ರೆಂಟಿಸ್ ಒಬ್ಬನ ತೋರುಬೆರಳು ಪ್ರೆಸ್‌ನಲ್ಲಿ ಪೂರ್ತಿ ಹೋಯಿತು ಎಂದಿಟ್ಟುಕೊಳ್ಳಿ. ಅವನ ಸ್ಟೈಪೆಂಡ್ 8,000. ಇದರ ಶೇ 60 ಅಂದರೆ 4,800. ಪ್ರತಿ ವಯಸ್ಸಿಗೂ ಕಾನೂನಿನ ಪಟ್ಟಿಯಲ್ಲಿ ಒಂದು ಗುಣಕ ಇದೆ. 20 ವರ್ಷಕ್ಕೆ ಅದು 224. ಎರಡನ್ನೂ ಗುಣಿಸಿದರೆ 10,75,200 ರೂಪಾಯಿ. ಇದು ಪೂರ್ತಿಯಾಗಿ, ಶಾಶ್ವತವಾಗಿ ದುಡಿಯಲಾಗದವನಿಗೆ ಸಿಗುವ ಮೊತ್ತ. ತೋರುಬೆರಳು ಪೂರ್ತಿ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 14 ನಷ್ಟ ಎಂದು ಅದೇ ಕಾನೂನಿನ ಇನ್ನೊಂದು ಪಟ್ಟಿ ಹೇಳುತ್ತದೆ. 10,75,200ರ ಶೇ 14 ಅಂದರೆ 1,50,528 ರೂಪಾಯಿ. ಹೆಬ್ಬೆರಳಾದರೆ ನಷ್ಟ ಶೇ 30, ಆಗ ಪರಿಹಾರ 3,22,560.

ಒಂದು ಬೆರಳಿಗೆ ಒಂದೂವರೆ ಲಕ್ಷ ಸಾಕಾ? ಖಂಡಿತ ಸಾಲದು. ಸ್ಟೈಪೆಂಡ್ ಕಡಿಮೆ ಇರುವುದರಿಂದ ಪರಿಹಾರವೂ ಕಡಿಮೆ. ಪಕ್ಕದ ಮೆಷಿನ್‌ನಲ್ಲಿ ಹೆಚ್ಚು ಸಂಬಳಕ್ಕೆ ದುಡಿಯುವವನ ಅದೇ ಬೆರಳಿಗೆ ಬೆಲೆ ಹೆಚ್ಚು. ಇದು ನನಗೆ ನ್ಯಾಯ ಅನಿಸುವುದಿಲ್ಲ. ಆದರೂ ಇದು ಬೇಡಿ ಪಡೆಯುವ ದುಡ್ಡಲ್ಲ, ಹಕ್ಕಿನ ದುಡ್ಡು. ಯಾವ ನಂಬರೂ ಇಲ್ಲದ ಟ್ರೈನಿಗೆ ಇದೇ ಗಾಯ ಆದರೆ, ಅವನು ಮೊದಲು ತಾನು ಅಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದೆ ಎಂಬುದನ್ನೇ ಸಾಬೀತು ಮಾಡಬೇಕಾಗುತ್ತದೆ. ಪರಿಹಾರದ ಮಾತು ಅದರ ನಂತರ.

ಅಪಘಾತ ಆದ ದಿನವೇ ಪ್ರಕರಣ ಹಾಳಾಗುವುದುಂಟು. ಆಸ್ಪತ್ರೆಗೆ ಕರೆದುಕೊಂಡು ಹೋದವರು, "ಮನೆಯಲ್ಲಿ ಬಿದ್ದ ಅಂತ ಬರೆಸು, ಖರ್ಚು ನಾವು ನೋಡ್ಕೋತೀವಿ" ಎನ್ನುತ್ತಾರೆ. ನೋವಿನಲ್ಲಿರುವ ಹುಡುಗ ಹೂಂ ಅನ್ನುತ್ತಾನೆ. ಆಸ್ಪತ್ರೆಯ ಮೊದಲ ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನು ಆಮೇಲೆ ಅಳಿಸುವುದು ಬಹಳ ಕಷ್ಟ. ಯಾವ ಕಾರ್ಖಾನೆ, ಯಾವ ಮೆಷಿನ್, ಎಷ್ಟು ಗಂಟೆಗೆ ಎಂಬುದು ಆ ಚೀಟಿಯಲ್ಲೇ ಬರಬೇಕು. ಜೊತೆಗೆ ಹೋದ ಸ್ನೇಹಿತರು ಈ ಒಂದು ವಿಷಯ ನೆನಪಿಟ್ಟುಕೊಂಡರೆ ಸಾಕು.

ಪ್ರಮಾಣಪತ್ರ ಎರಡು ಥರ

ಕಂಪನಿಯ ಲೆಟರ್‌ಹೆಡ್‌ನಲ್ಲಿ 'ಇವರು ನಮ್ಮಲ್ಲಿ ಒಂದು ವರ್ಷ ತರಬೇತಿ ಪಡೆದಿದ್ದಾರೆ' ಎಂದು ಬರೆದುಕೊಟ್ಟರೆ ಅದು ಅನುಭವದ ಪತ್ರ. ಖಾಸಗಿ ಕೆಲಸಕ್ಕೆ ಅದು ಉಪಯೋಗಕ್ಕೆ ಬರಬಹುದು. ಅಪ್ರೆಂಟಿಸ್ ಕಾಯ್ದೆಯ ಪ್ರಮಾಣಪತ್ರ ಬೇರೆ. ಐಟಿಐ ಟ್ರೇಡ್‌ನವರು ತರಬೇತಿಯ ಕೊನೆಯಲ್ಲಿ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಎಲ್ಲರೂ ಅದನ್ನು ಎನ್‌ಎಸಿ ಎನ್ನುತ್ತಾರೆ. ಡಿಪ್ಲೊಮಾ ಮತ್ತು ಡಿಗ್ರಿಯವರಿಗೆ ಎನ್‌ಎಟಿಎಸ್ ಕಡೆಯಿಂದ ಪ್ರಾವೀಣ್ಯತಾ ಪ್ರಮಾಣಪತ್ರ ಬರುತ್ತದೆ. ದಕ್ಷಿಣದ ರಾಜ್ಯಗಳಿಗೆ ಇದನ್ನು ನೋಡಿಕೊಳ್ಳುವುದು ಚೆನ್ನೈನ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ.

ಇದರ ಬೆಲೆ ಸರ್ಕಾರಿ ನೇಮಕಾತಿಯಲ್ಲಿ ತಿಳಿಯುತ್ತದೆ. ರೈಲ್ವೆಯಲ್ಲೇ ತರಬೇತಿ ಪಡೆದು ಎನ್‌ಎಸಿ ತೆಗೆದುಕೊಂಡವರಿಗೆ ಲೆವೆಲ್ 1 ಹುದ್ದೆಗಳಲ್ಲಿ ಶೇ 20 ಮೀಸಲಿದೆ. ಉಳಿದ ಕಡೆಗೆ 1995ರ ಒಂದು ಸುಪ್ರೀಂ ಕೋರ್ಟ್ ತೀರ್ಪು ನೆರವಾಗುತ್ತದೆ. ಉತ್ತರ ಪ್ರದೇಶದ ಸಾರಿಗೆ ನಿಗಮದಲ್ಲಿ ತರಬೇತಿ ಪಡೆದ ಅಪ್ರೆಂಟಿಸ್‌ಗಳು ಹೂಡಿದ ಪ್ರಕರಣ ಅದು. ಉಳಿದ ಅರ್ಹತೆಗಳು ಸಮ ಇದ್ದಾಗ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಬೇಕು, ತರಬೇತಿಯಲ್ಲಿ ಕಳೆದ ಅವಧಿಯಷ್ಟು ವಯಸ್ಸಿನ ಸಡಿಲಿಕೆ ಕೊಡಬೇಕು ಎಂದು ಕೋರ್ಟ್ ಹೇಳಿತು. ಕೆಲಸ ಕೊಡಲೇಬೇಕು ಎಂದು ಮಾತ್ರ ಹೇಳಲಿಲ್ಲ. ಕಾಯ್ದೆಯೂ ಹಾಗೆ ಹೇಳುವುದಿಲ್ಲ. 'ವರ್ಷ ಮುಗಿದ ಮೇಲೆ ಪರ್ಮನೆಂಟ್ ಮಾಡ್ತೀವಿ' ಎಂದು ಬಾಯಲ್ಲಿ ಹೇಳಿದ ಮಾತನ್ನು ನಂಬಿ ಬೇರೆ ಅವಕಾಶ ಬಿಡಬೇಡಿ.

12,000 ರೂಪಾಯಿಯ ಟ್ರೈನಿ ಕೆಲಸದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ನಷ್ಟ ಇತ್ತು. ಡಿಪ್ಲೊಮಾ, ಡಿಗ್ರಿಯವರ ಅಪ್ರೆಂಟಿಸ್ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಓದು ಮುಗಿಸಿದ ಮೇಲೆ ಒಂದು ವರ್ಷ ಅಥವಾ ಹೆಚ್ಚು ತರಬೇತಿ ಇಲ್ಲವೇ ಕೆಲಸದ ಅನುಭವ ಇದ್ದವರು ಅರ್ಜಿ ಹಾಕುವಂತಿಲ್ಲ. ಸುಮ್ನೆ ಒಂದು ವರ್ಷ ಅಲ್ಲಿ ಟ್ರೈನಿಯಾಗಿ ಕಳೆದಿದ್ದರೆ ಎಚ್‌ಎಎಲ್, ಬಿಇಎಲ್‌ನಂಥ ಕಡೆ ಅಪ್ರೆಂಟಿಸ್ ಆಗುವ ಬಾಗಿಲು ಅವನಿಗೆ ಮುಚ್ಚಿಹೋಗಬಹುದಿತ್ತು.

ಜಗಳ ಬಂದರೆ, ಮತ್ತು ಕಾಂಟ್ರಾಕ್ಟೇ ಇಲ್ಲದಿದ್ದರೆ

ಅಪ್ರೆಂಟಿಸ್ ಲೇಬರ್ ಕೋರ್ಟಿಗೆ ಹೋಗುವ ಹಾಗಿಲ್ಲ. ಕಾಯ್ದೆಯ 20ನೇ ಕಲಂ ಬೇರೆ ದಾರಿ ಕೊಟ್ಟಿದೆ. ಕಾಂಟ್ರಾಕ್ಟ್ ಬಗ್ಗೆ ತಕರಾರು ಇದ್ದರೆ ಅಪ್ರೆಂಟಿಸ್‌ಶಿಪ್ ಅಡ್ವೈಸರ್‌ಗೆ ಬರೆದುಕೊಡಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಅಪ್ರೆಂಟಿಸ್‌ಶಿಪ್ ಮಂಡಳಿಗೆ ಮೇಲ್ಮನವಿ. ಮೊದಲ ದೂರಿಗೆ ಖಾಸಗಿ ಕಾರ್ಖಾನೆಯ ಐಟಿಐ ಅಪ್ರೆಂಟಿಸ್‌ಗಳು ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಗೆ ಹೋಗಬೇಕು. ಎನ್‌ಎಟಿಎಸ್‌ನವರಿಗೆ ಚೆನ್ನೈನ ತರಬೇತಿ ಮಂಡಳಿ. ಕಂಪನಿಯೇ ಕಾಂಟ್ರಾಕ್ಟ್‌ನ ಷರತ್ತು ಪಾಲಿಸದೆ ಅದು ರದ್ದಾದರೆ, ಕೊನೆಯ ಸ್ಟೈಪೆಂಡ್‌ನ ಮೂರು ತಿಂಗಳಷ್ಟು ಪರಿಹಾರ ಕೊಡಬೇಕು ಎಂದು ನಿಯಮದಲ್ಲಿದೆ. 8,000 ಸ್ಟೈಪೆಂಡ್‌ಗೆ ಅದು 24,000 ರೂಪಾಯಿ. ಆದರೆ ಹುಡುಗ ಸಿಟ್ಟಿನಲ್ಲಿ ಹೇಳದೆ ಕೇಳದೆ ಬಿಟ್ಟುಹೋದರೆ ಈ ಹಕ್ಕು ಕೈತಪ್ಪುತ್ತದೆ. ಮೊದಲು ದೂರು ಬರೆದುಕೊಡಿ, ಆಮೇಲೆ ಹೊರಡಿ.

ಕಂಪನಿಯೇ ಕಾಂಟ್ರಾಕ್ಟ್ ನೋಂದಾಯಿಸಿಲ್ಲ, ಹಾಗಾದರೆ ನಾನು ಕೆಲಸಗಾರನೇ ಅಲ್ವಾ ಎಂದು ಕೆಲವರು ಕೇಳುತ್ತಾರೆ. ಅಷ್ಟು ಸುಲಭ ಇಲ್ಲ. ನೋಂದಣಿ ಆಗಿಲ್ಲ ಎಂಬ ಒಂದೇ ಕಾರಣಕ್ಕೆ ಅಪ್ರೆಂಟಿಸ್ ಕೆಲಸಗಾರ ಆಗುವುದಿಲ್ಲ ಎಂದು 2004ರಲ್ಲಿ ಉತ್ತರ ಪ್ರದೇಶದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಕಾಯ್ದೆಯಡಿ ಅಲ್ಲದ ಟ್ರೈನಿಗಳ ವಿಷಯದಲ್ಲಿ ನಮ್ಮ ಮಂಗಳೂರಿನ ಕ್ಯಾಂಪ್ಕೊ ಪ್ರಕರಣ ಪ್ರಸಿದ್ಧ. ಟ್ರೈನಿಗಳಿಗೂ ಪಿಎಫ್ ಕಟ್ಟಬೇಕು ಎಂದು ಪಿಎಫ್ ಇಲಾಖೆ ಹೇಳಿತ್ತು. ಅವರು ಕೆಲಸದ ಷರತ್ತುಗಳನ್ನು ಹೇಳುವ ಸ್ಥಾಯಿ ಆದೇಶಗಳ ಅಡಿಯಲ್ಲಿ ಬರುವ ಅಪ್ರೆಂಟಿಸ್‌ಗಳು, ಆದ್ದರಿಂದ ಪಿಎಫ್ ಅನ್ವಯಿಸುವುದಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಹಾಗಂತ ಟ್ರೈನಿ ಎಂದು ಹೆಸರಿಟ್ಟ ಎಲ್ಲರಿಗೂ ಇದು ಅನ್ವಯಿಸುತ್ತದೆ ಎಂದಲ್ಲ. ನಿಜವಾಗಿ ಕಲಿಸುತ್ತಿದ್ದಾರಾ, ಇಲ್ಲ ಶಿಫ್ಟ್‌ನಲ್ಲಿ ಪೂರ್ತಿ ಉತ್ಪಾದನೆ ಮಾಡಿಸುತ್ತಿದ್ದಾರಾ ಎಂಬುದರ ಮೇಲೆ ವಾದ ನಿಲ್ಲುತ್ತದೆ. ಅದನ್ನು ತೋರಿಸಲು ಹಾಜರಿ, ಶಿಫ್ಟ್ ಚಾರ್ಟ್‌ನ ಫೋಟೊ, ಬ್ಯಾಂಕಿಗೆ ಬಂದ ದುಡ್ಡಿನ ದಾಖಲೆ, ಸೂಪರ್‌ವೈಸರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶಗಳು ಬೇಕು.

ಐಟಿ, ಮೀಡಿಯಾ, ಲಾ ಆಫೀಸುಗಳ ಇಂಟರ್ನ್‌ಗಳ ಸ್ಥಿತಿ ಇನ್ನೂ ತೆಳು. ಇಂಟರ್ನ್‌ಗೆಂದೇ ಒಂದು ಕಾಯ್ದೆ ನಮ್ಮಲ್ಲಿಲ್ಲ. ಆಫರ್ ಲೆಟರ್‌ನಲ್ಲಿ ಸ್ಟೈಪೆಂಡ್ ಎಷ್ಟು, ಎಷ್ಟು ತಿಂಗಳು, ಸರ್ಟಿಫಿಕೇಟ್ ಯಾವಾಗ ಎಂದು ಬರೆದಿದ್ದರೆ ಅದೇ ಅವರ ಆಧಾರ. ಸರ್ಟಿಫಿಕೇಟ್ ಕೊಡದೆ ಸತಾಯಿಸುವುದು ಇವರಿಗೆ ಬರುವ ದೊಡ್ಡ ತೊಂದರೆ. ಸೇರುವ ದಿನವೇ ಇಮೇಲ್‌ನಲ್ಲಿ ಆ ದಿನಾಂಕ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಒಂದು ರಕ್ಷಣೆ ಮಾತ್ರ ಯಾವ ಹೆಸರಿನಲ್ಲಿದ್ದರೂ ಇದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ 'ನೌಕರ' ಎಂಬ ಮಾತಿನೊಳಗೆ ಟ್ರೈನಿ ಮತ್ತು ಅಪ್ರೆಂಟಿಸ್‌ಗಳನ್ನೂ ಸೇರಿಸಿದೆ. ದುಡ್ಡು ಕೊಡದಿದ್ದರೂ ಸರಿ, ಬೇರೆ ಯಾವ ಹೆಸರಿನಿಂದ ಕರೆದರೂ ಸರಿ. ಸಂಬಳವಿಲ್ಲದ ಇಂಟರ್ನ್ ಹುಡುಗಿಯೂ ಕಂಪನಿಯ ಆಂತರಿಕ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ಹತ್ತಕ್ಕಿಂತ ಕಡಿಮೆ ಜನ ಇರುವ ಆಫೀಸಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. 'ನೀನು ನಮ್ಮ ಎಂಪ್ಲಾಯಿ ಅಲ್ಲ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಅಕ್ಕನ ಮಗ 8,000 ರೂಪಾಯಿ ಕಡೆಗೇ ಹೋದ. ಪೀಣ್ಯದಲ್ಲಿ ಆ ದುಡ್ಡಿನಲ್ಲಿ ಬಾಡಿಗೆ, ಊಟ ಎರಡೂ ಆಗುವುದು ಕಷ್ಟ, ತಿಂಗಳಿಗೆ ಮನೆಯಿಂದ ಸ್ವಲ್ಪ ಕಳಿಸುತ್ತಾರೆ. ಅವನ ಹತ್ತಿರ ಒಂದು ನೋಟ್‌ಬುಕ್ ಇದೆ. ಯಾವ ದಿನ ಯಾವ ಮೆಷಿನ್, ಏನು ಕಲಿತೆ, ಯಾರು ಕಲಿಸಿದರು ಎಂದು ದಿನಾ ಬರೆಯುತ್ತಾನೆ. ಮೂರನೇ ತಿಂಗಳಲ್ಲಿ ಅವನನ್ನು ಎರಡು ವಾರ ಬರೀ ಲೋಡಿಂಗ್‌ಗೆ ಹಾಕಿದ್ದರು. ಆ ನೋಟ್‌ಬುಕ್ ಹಿಡಿದುಕೊಂಡು ಎಚ್‌ಆರ್ ಹತ್ತಿರ ಹೋಗಿ, ಕಾಂಟ್ರಾಕ್ಟ್ ನಂಬರ್ ಹೇಳಿ, "ಇದು ನನ್ನ ಟ್ರೈನಿಂಗ್‌ನಲ್ಲಿ ಬರುತ್ತಾ ಮೇಡಂ?" ಎಂದು ಕೇಳಿದನಂತೆ. ಮುಂದಿನ ಸೋಮವಾರದಿಂದ ಅವನನ್ನು ಸಿಎನ್‌ಸಿ ಲೇತ್‌ಗೆ ಹಾಕಿದರು.